ಮಾರ್ಚ್ 31 ದಾಟಿದ ಮೇಲೆ ಬಂದ ಸುದ್ದಿಗಳು: ವಸಾಯಿಯ ಒಂದು ಕಂಪನಿಯ ಲೆಕ್ಕ

ಮುಂಬೈ ಪಕ್ಕದ ವಸಾಯಿಯಲ್ಲಿ ಹೋಟೆಲ್ ಅಡುಗೆಮನೆಯ ಸ್ಟೀಲ್ ಸಾಮಾನು ಮಾಡುವ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ. ಇಡ್ಲಿ ಸ್ಟೀಮರ್, ದೋಸೆ ಕಾವಲಿ, ಸಿಂಕು, ಟೇಬಲ್ಲು, ಹೀಗೆ. ನಡೆಸುವವರು ಕುಂದಾಪುರ ಕಡೆಯ ಅಣ್ಣ-ತಮ್ಮ. ಇಬ್ಬರೂ ಡೈರೆಕ್ಟರುಗಳು. ವರ್ಷದ ಕೊನೆಯ ಲೆಕ್ಕ ತಯಾರು ಮಾಡಿಕೊಡುವ ಕೆಲಸ ನನ್ನದು. ಆಡಿಟರ್ ಬೇರೆಯವರು. ಗುರುತು ಸಿಗಬಾರದು ಅಂತ ಮೊತ್ತಗಳನ್ನು ಬದಲಿಸಿದ್ದೇನೆ, ಲೆಕ್ಕದ ದಾರಿ ಮಾತ್ರ ಇದ್ದ ಹಾಗೇ ಇದೆ.

ವರ್ಷ ಮುಗಿದದ್ದು 2024ರ ಮಾರ್ಚ್ 31ಕ್ಕೆ. ಲೆಕ್ಕಕ್ಕೆ ಬೋರ್ಡ್ ಒಪ್ಪಿಗೆ ಕೊಟ್ಟಿದ್ದು ಸೆಪ್ಟೆಂಬರ್ 2ಕ್ಕೆ. ಈ ಐದು ತಿಂಗಳಲ್ಲಿ ಮೂರು ಕೆಟ್ಟ ಸುದ್ದಿ ಬಂದವು. ಪುಣೆಯ ಒಂದು ಹೋಟೆಲ್ ಬಾಗಿಲು ಹಾಕಿತು. ಗೋವಾದ ಒಬ್ಬ ಕೇಟರಿಂಗ್‌ನವರ ಜಾಗಕ್ಕೆ ಬೆಂಕಿ ಬಿತ್ತು. ಜುಲೈ ಮಳೆಗೆ ಇವರದೇ ಗಾಲಾಕ್ಕೆ, ಅಂದರೆ ಕಾರ್ಖಾನೆಯ ಶೆಡ್ಡಿಗೆ, ನೀರು ನುಗ್ಗಿತು.

ಕರಡು ಲೆಕ್ಕದಲ್ಲಿ ತೆರಿಗೆಗೆ ಮುಂಚಿನ ಲಾಭ ₹62 ಲಕ್ಷ ಇತ್ತು. ಅಣ್ಣ ಒಂದು ಚೀಟಿಯಲ್ಲಿ ಬರೆದುಕೊಂಡೇ ಬಂದಿದ್ದರು: ಪುಣೆ 28, ಗೋವಾ 14, ನೀರು 22, ಒಟ್ಟು 64. "ಮೇಡಂ, ಈ ವರ್ಷ ಲಾಭವೇ ಇಲ್ಲ. ಎರಡು ಲಕ್ಷ ನಷ್ಟ. ಹಾಗೇ ಬರೆಯಿರಿ, ಟ್ಯಾಕ್ಸೂ ಉಳಿಯುತ್ತದೆ" ಅಂದರು. ತಮ್ಮನ ಮಾತು ಪೂರ್ತಿ ಉಲ್ಟಾ. ಬ್ಯಾಂಕಿನಲ್ಲಿ ಕ್ಯಾಶ್ ಕ್ರೆಡಿಟ್ ಸಾಲದ ಮಿತಿ ನವೀಕರಣಕ್ಕೆ ಬಂದಿತ್ತು, ಲಾಭ ಕಡಿಮೆ ಕಾಣಬಾರದು ಅಂತ ಅವರಿಗೆ. "ಅಣ್ಣಾ, ಮೂರೂ ಆಗಿದ್ದು ಮಾರ್ಚ್ ಆದಮೇಲೆ ಅಲ್ವಾ? ಮಾರ್ಚ್ ಲೆಕ್ಕಕ್ಕೂ ಅದಕ್ಕೂ ಏನು ಸಂಬಂಧ? 62 ಹಾಗೇ ಇರಲಿ" ಅಂತ ಅವರು.

ಇಬ್ಬರ ಮಾತೂ ನಿಲ್ಲುವುದಿಲ್ಲ. ವರ್ಷ ಮುಗಿದ ಮೇಲಿನ ಘಟನೆಗಳಿಗೆ ಲೆಕ್ಕದ ನಿಯಮ, ಅಂದರೆ ಅಕೌಂಟಿಂಗ್ ಸ್ಟ್ಯಾಂಡರ್ಡ್, ಇದೆ. ಈ ಕಂಪನಿಗೆ ಅನ್ವಯಿಸುವುದು ಎಎಸ್ 4. ದೊಡ್ಡ ಮತ್ತು ಲಿಸ್ಟೆಡ್ ಕಂಪನಿಗಳಿಗೆ ಇಂಡ್ ಎಎಸ್ 10. ಎರಡರಲ್ಲೂ ಕೇಳುವ ಪ್ರಶ್ನೆ ಒಂದೇ. ಸುದ್ದಿ ಯಾವತ್ತು ಬಂತು ಅನ್ನುವುದಲ್ಲ, ಆ ಸುದ್ದಿಯ ಹಿಂದಿನ ಪರಿಸ್ಥಿತಿ ಮಾರ್ಚ್ 31ಕ್ಕೆ ಇತ್ತೋ ಇಲ್ಲವೋ ಅನ್ನುವುದು. ಇತ್ತು ಅಂತಾದರೆ ನಂತರದ ಘಟನೆ ಬರೀ ಸಾಕ್ಷಿ. ಅದನ್ನು ಹಿಡಿದು ಮಾರ್ಚ್ ಅಂಕಿಗಳನ್ನೇ ತಿದ್ದಬೇಕು. ಇದು ಅಡ್ಜಸ್ಟಿಂಗ್. ಪರಿಸ್ಥಿತಿಯೇ ಮಾರ್ಚ್ 31ರ ನಂತರ ಹುಟ್ಟಿದ್ದಾದರೆ ಮಾರ್ಚ್ ಅಂಕಿಗಳನ್ನು ಮುಟ್ಟುವ ಹಾಗಿಲ್ಲ. ವಿಷಯ ದೊಡ್ಡದಾದರೆ ಓದುವವರಿಗೆ ತಿಳಿಸಬೇಕು ಅಷ್ಟೆ. ಇದು ನಾನ್-ಅಡ್ಜಸ್ಟಿಂಗ್.

ಪುಣೆ ಮತ್ತು ಗೋವಾ

ಮೊದಲು ಈ ಎರಡು ಬಾಕಿಗಳನ್ನು ಒಟ್ಟಿಗೆ ನೋಡೋಣ. ಎರಡರಲ್ಲೂ ಆಗಿದ್ದು ಒಂದೇ: ಮಾರ್ಚ್ 31ಕ್ಕೆ ಬರಬೇಕಿದ್ದ ದುಡ್ಡು ನಂತರ ಬರಲಿಲ್ಲ. ಮಾಲೀಕರ ಜೇಬಿಗೆ ಎರಡೂ ಒಂದೇ ಥರದ ಏಟು. ಲೆಕ್ಕದಲ್ಲಿ ಮಾತ್ರ ಎರಡೂ ಬೇರೆ ಬೇರೆ ಕಡೆ ಹೋದವು.

ಪುಣೆಯ ಹೋಟೆಲ್‌ಗೆ 2023ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಇಡೀ ಅಡುಗೆಮನೆ ಮಾಡಿಕೊಟ್ಟಿದ್ದರು. 60 ದಿನದ ಉದ್ರಿ. ನವೆಂಬರ್ ಕೊನೆಗೆ ಎಲ್ಲಾ ದುಡ್ಡು ಬರಬೇಕಿತ್ತು. ಮಾರ್ಚ್ 31ಕ್ಕೆ ಇನ್ನೂ ₹28 ಲಕ್ಷ ಬಾಕಿ. ಹೋಟೆಲ್ ಮುಚ್ಚಿದ್ದು ಮೇ ತಿಂಗಳಲ್ಲಿ. ಜುಲೈನಲ್ಲಿ ಆ ಮಾಲೀಕರು ಸಪ್ಲೈಯರುಗಳನ್ನೆಲ್ಲ ಕರೆದು ರೂಪಾಯಿಗೆ 30 ಪೈಸೆ ಕೊಡುತ್ತೇನೆ, ಅಲ್ಲಿಗೆ ಲೆಕ್ಕ ಚುಕ್ತಾ ಅಂದರು. ಇವರು ಒಪ್ಪಿಕೊಂಡರು. ಆಗಸ್ಟ್‌ನಲ್ಲಿ ₹8.4 ಲಕ್ಷ ಬ್ಯಾಂಕಿಗೆ ಬಂತು.

ತಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: "ಮಾರ್ಚ್‌ನಲ್ಲಿ ಹೋಟೆಲ್ ನಡೀತಾ ಇತ್ತಲ್ಲ ಮೇಡಂ? ನಾನೇ ಹೋಗಿ ಊಟ ಮಾಡಿ ಬಂದಿದ್ದೇನೆ."

ನಡೆಯುತ್ತಿತ್ತು, ನಿಜ. ಆದರೆ ಲೆಡ್ಜರ್ ಬೇರೆ ಕಥೆ ಹೇಳುತ್ತಿತ್ತು. ಡಿಸೆಂಬರ್ ಆದಮೇಲೆ ಒಂದು ರೂಪಾಯಿಯೂ ಜಮೆ ಆಗಿಲ್ಲ. ಫೆಬ್ರವರಿಯಲ್ಲಿ ಎರಡು ಚೆಕ್ ಬ್ಯಾಂಕಿಗೆ ಹಾಕಿದ್ದಾರೆ, ಎರಡೂ ವಾಪಸ್. ಬ್ಯಾಂಕಿನ ರಿಟರ್ನ್ ಮೆಮೋ ಫೈಲಿನಲ್ಲೇ ಪಿನ್ ಹೊಡೆದು ಇಟ್ಟಿದ್ದರು, ಕಾರಣ 'ಖಾತೆಯಲ್ಲಿ ಹಣ ಸಾಲದು'. ಮಾರ್ಚ್ ಮೊದಲ ವಾರದಲ್ಲಿ ಸೇಲ್ಸ್ ಹುಡುಗ ಕಳಿಸಿದ ವಾಟ್ಸಾಪ್ ಸಂದೇಶ ಇತ್ತು, ಅಲ್ಲಿನ ಅಡುಗೆಯವರಿಗೇ ಸಂಬಳ ಆಗಿಲ್ಲವಂತೆ ಅಂತ. ಅಂದರೆ ದುಡ್ಡು ಕೊಡುವ ಶಕ್ತಿ ಆ ಹೋಟೆಲ್‌ಗೆ ಮಾರ್ಚ್ 31ಕ್ಕೇ ಇರಲಿಲ್ಲ. ಮೇ ತಿಂಗಳಲ್ಲಿ ಬಾಗಿಲು ಹಾಕಿದ್ದು ಹೊಸ ನಷ್ಟವಲ್ಲ, ಆಗಲೇ ಆಗಿದ್ದ ನಷ್ಟ ಎಲ್ಲರಿಗೂ ಕಾಣಿಸಿದ ದಿನ. ಹಾಗಾಗಿ ಇದು ಅಡ್ಜಸ್ಟಿಂಗ್.

ಎಷ್ಟು ತಿದ್ದಬೇಕು? ಅಣ್ಣನ ಚೀಟಿಯಲ್ಲಿ ಪೂರ್ತಿ 28 ಇತ್ತು. ಅದು ತಪ್ಪು. ಜುಲೈ ಒಪ್ಪಂದವೂ ನಂತರದ ಸಾಕ್ಷಿಯೇ, ಅದೂ ಲೆಕ್ಕಕ್ಕೆ ಬರಬೇಕು. ಕೆಟ್ಟ ಸುದ್ದಿಯನ್ನು ಮಾತ್ರ ಎತ್ತಿಕೊಂಡು, ಅದೇ ಗಿರಾಕಿಯಿಂದ ಬಂದ 8.4 ಲಕ್ಷವನ್ನು ಬಿಟ್ಟುಬಿಡುವ ಹಾಗಿಲ್ಲ. 28ರಲ್ಲಿ 8.4 ಕಳೆದರೆ ₹19.6 ಲಕ್ಷ. ಅಷ್ಟಕ್ಕೆ ಮಾರ್ಚ್ 31ರ ತಾರೀಖಿನಲ್ಲಿ ಪ್ರಾವಿಷನ್ ಹಾಕಿದೆವು, ಅಂದರೆ ಅಷ್ಟು ದುಡ್ಡು ಬರುವುದಿಲ್ಲ ಅಂತ ಲಾಭದಲ್ಲಿ ಕಳೆದೆವು. ಒಪ್ಪಂದ ಸೆಪ್ಟೆಂಬರ್ 2ರೊಳಗೆ ಆಗಿರದಿದ್ದರೆ, ಆ ದಿನಕ್ಕೆ ಕೈಯಲ್ಲಿದ್ದ ಮಾಹಿತಿ ನೋಡಿ ಎಷ್ಟು ಬರಬಹುದು ಅಂತ ಅಂದಾಜು ಮಾಡಬೇಕಿತ್ತು.

ಈಗ ಗೋವಾ. ಮಡಗಾಂವ್ ಕಡೆ ಮದುವೆ-ಮುಂಜಿಗೆ ಕೇಟರಿಂಗ್ ಮಾಡುವವರು. ಮಾರ್ಚ್ 10ರ ಬಿಲ್ಲು, ₹14 ಲಕ್ಷ, 45 ದಿನದ ಉದ್ರಿ. ಏಪ್ರಿಲ್ 24ಕ್ಕೆ ದುಡ್ಡು ಬರಬೇಕಿತ್ತು. ಅದಕ್ಕೆ ಒಂದು ವಾರ ಮುಂಚೆ ಅವರ ಗೋದಾಮು ಮತ್ತು ಅಡುಗೆಮನೆಗೆ ಬೆಂಕಿ ಬಿತ್ತು. ಇನ್ಶೂರೆನ್ಸ್ ಮಾಡಿಸಿರಲಿಲ್ಲ. ಈಗ ಕೊಡಲು ಆಗುವುದಿಲ್ಲ, ಸ್ವಲ್ಪ ಸಮಯ ಕೊಡಿ ಅಂತ ಅಳುತ್ತಾ ಫೋನ್ ಮಾಡಿದರು ಅಂತ ಅಣ್ಣ ಹೇಳಿದರು.

ಇವರ ಲೆಡ್ಜರ್ ತೆಗೆದು ನೋಡಿದರೆ ಒಂದು ಕಲೆಯೂ ಇಲ್ಲ. ಎರಡು ವರ್ಷದ ಪ್ರತಿ ಬಿಲ್ಲೂ 45 ದಿನದ ಒಳಗೇ ಜಮೆ. ವಾಪಸ್ ಬಂದ ಚೆಕ್ ಇಲ್ಲ. ಮಾರ್ಚ್ 31ಕ್ಕೆ ಈ ಬಿಲ್ಲಿನ ಗಡುವೇ ಮುಗಿದಿರಲಿಲ್ಲ. ಆ ದಿನ ಯಾರನ್ನು ಕೇಳಿದ್ದರೂ 14 ಲಕ್ಷ ಪೂರ್ತಿ ಬರುತ್ತದೆ ಅಂತಲೇ ಹೇಳುತ್ತಿದ್ದರು, ಹಾಗೆ ಹೇಳಲು ಗಟ್ಟಿ ಕಾರಣವೂ ಇತ್ತು. ದುಡ್ಡು ಬರದ ಹಾಗೆ ಮಾಡಿದ್ದು ಬೆಂಕಿ. ಬೆಂಕಿ ಬಿದ್ದಿದ್ದು ಏಪ್ರಿಲ್‌ನಲ್ಲಿ. ಇದು ನಾನ್-ಅಡ್ಜಸ್ಟಿಂಗ್. ಮಾರ್ಚ್ ಬ್ಯಾಲೆನ್ಸ್ ಶೀಟಿನಲ್ಲಿ ಆ 14 ಲಕ್ಷ ಹಾಗೇ ಇರುತ್ತದೆ. ನಷ್ಟ ಎಷ್ಟಾಗುತ್ತದೋ ಅದು ಮುಂದಿನ ವರ್ಷದ್ದು.

ಅಣ್ಣನಿಗೆ ಇದು ಸಮಾಧಾನ ಆಗಲಿಲ್ಲ. "ಬರಲ್ಲ ಅಂತ ಗೊತ್ತಿದ್ದೂ ಬರುತ್ತದೆ ಅಂತ ತೋರಿಸೋದಾ?" ಅಂತ ಕೇಳಿದರು. ಆ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಬ್ಯಾಲೆನ್ಸ್ ಶೀಟ್ ಹೇಳುವುದು ಒಂದು ದಿನದ ಸ್ಥಿತಿ. ಆ ದಿನದ ಅಂಕಿ ಆ ದಿನದ್ದಾಗಿಯೇ ಇರಬೇಕು, ನಂತರ ಆದದ್ದನ್ನು ಪಕ್ಕದಲ್ಲೇ ಬರೆದು ತಿಳಿಸಬೇಕು. ಮುಚ್ಚಿಡುವ ಮಾತೇ ಇಲ್ಲ.

ಇವೆರಡರ ನಡುವೆ ಬರುವ ಪ್ರಕರಣಗಳೇ ನಿಜವಾಗಿ ಕಷ್ಟ. ಇದೇ ಕೇಟರಿಂಗ್‌ನವರು ಬೆಂಕಿಗೆ ಮುಂಚೆಯೇ ಆರು ತಿಂಗಳ ಬಾಕಿ ಉಳಿಸಿಕೊಂಡಿದ್ದರೆ ಏನು ಮಾಡುವುದು? ಆಗ ಬೆಂಕಿಯನ್ನು ಪಕ್ಕಕ್ಕಿಟ್ಟು ಕೇಳಬೇಕು: ಬೆಂಕಿ ಬೀಳದಿದ್ದರೆ ಈ 14ರಲ್ಲಿ ಎಷ್ಟು ಬರುತ್ತಿತ್ತು? ಒಂದು ಹತ್ತು ಬರುತ್ತಿತ್ತು ಅನ್ನಿಸಿದರೆ ನಾಲ್ಕು ಮಾರ್ಚ್‌ಗೆ, ಉಳಿದ ಹತ್ತು ಮುಂದಿನ ವರ್ಷಕ್ಕೆ. ಅಂದಾಜು ಸುಮ್ನೆ ಬಾಯಿಮಾತಿನದಾಗಬಾರದು. ಮಾರ್ಚ್‌ಗೆ ಮುಂಚಿನ ಕಾಗದದಿಂದ ಹುಟ್ಟಬೇಕು.

ಒಂದೇ ಸ್ಟೀಮರ್, ಎರಡು ನಷ್ಟ

ನನಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಸ್ಟಾಕಿನ ಭಾಗ. ನೀರು ನುಗ್ಗಿದ್ದು ಜುಲೈನಲ್ಲಿ, ಹಾಗಾಗಿ ಪೂರ್ತಿ ಮುಂದಿನ ವರ್ಷಕ್ಕೆ ಅಂದು ಸಾಮಾನ್ಯವಾಗಿ ಫೈಲ್ ಮುಚ್ಚಿಬಿಡುತ್ತಾರೆ. ಇಲ್ಲಿ ಹಾಗೆ ಮಾಡಿದ್ದರೆ ಮಾರ್ಚ್ ಲೆಕ್ಕ ತಪ್ಪಾಗುತ್ತಿತ್ತು.

ಗಾಲಾದ ಗೋಡೆಯ ಮೇಲೆ ನೀರಿನ ಗುರುತು ಮೊಣಕಾಲೆತ್ತರಕ್ಕೆ ಇನ್ನೂ ಇತ್ತು. ಕೆಳಗಿನ ಸಾಲಿನ ರಟ್ಟಿನ ಡಬ್ಬಗಳು ನೆನೆದು ಮುದ್ದೆಯಾಗಿದ್ದವು. ಹಾಳಾದ ಮಾಲಿಗೆ ಅಣ್ಣ ಹಾಕಿದ ಬೆಲೆ ₹22 ಲಕ್ಷ. ಎರಡು ಪಟ್ಟಿ ತರಿಸಿದೆ: ಮಾರ್ಚ್ 31ಕ್ಕೆ ಎಣಿಸಿದ ಸ್ಟಾಕ್ ಪಟ್ಟಿ ಒಂದು, ಜುಲೈನಲ್ಲಿ ಹಾಳಾದ ಮಾಲಿನ ಪಟ್ಟಿ ಇನ್ನೊಂದು.

ಪಕ್ಕ ಪಕ್ಕ ಇಟ್ಟ ಕೂಡಲೇ ಗೊತ್ತಾಗಿದ್ದು, ಹಾಳಾದದ್ದರಲ್ಲಿ ₹13 ಲಕ್ಷದ್ದು ಮೇ-ಜೂನ್‌ನಲ್ಲಿ ಖರೀದಿಸಿದ ಮೋಟಾರು, ಕಂಟ್ರೋಲ್ ಪ್ಯಾನೆಲ್ಲು, ಬರ್ನರ್ ಸೆಟ್ಟು. ಮಾರ್ಚ್ 31ಕ್ಕೆ ಅವು ಗಾಲಾದಲ್ಲೇ ಇರಲಿಲ್ಲ. ಇಲ್ಲದ ಮಾಲನ್ನು ಮಾರ್ಚ್ ಸ್ಟಾಕಿನಿಂದ ಕಳೆಯುವುದು ಹೇಗೆ? ಇದರಲ್ಲಿ ಚರ್ಚೆಗೇ ಜಾಗವಿಲ್ಲ.

ಉಳಿದದ್ದು 12 ಹಳೆ ಮಾಡೆಲ್ ಇಡ್ಲಿ ಸ್ಟೀಮರ್. ಒಂದಕ್ಕೆ ₹75,000 ಮಾರಾಟ ಬೆಲೆ ಅಂತ ಹಿಡಿದು ಅಣ್ಣ 9 ಲಕ್ಷ ಬರೆದಿದ್ದರು. ಲೆಕ್ಕದ ಪುಸ್ತಕದಲ್ಲಿ ಸ್ಟಾಕ್ ಇರುವುದು ಮಾರುವ ಬೆಲೆಗಲ್ಲ. ತಯಾರಿಕೆಯ ವೆಚ್ಚ ಒಂದಕ್ಕೆ ₹45,000. ಅದು ಮೊದಲ ತಿದ್ದುಪಡಿ.

ಆಮೇಲೆ ಮಾರ್ಚ್ ಪಟ್ಟಿ ನೋಡಿದರೆ ಇದೇ ಸ್ಟೀಮರ್ 20 ಇದ್ದವು. ಹಾಗಾದರೆ ಎಂಟು ಎಲ್ಲಿ ಹೋದವು? ಮೇ ತಿಂಗಳ ಬಿಲ್ ಪುಸ್ತಕದಲ್ಲಿ ಸಿಕ್ಕಿತು. ಎಂಟನ್ನೂ ಒಬ್ಬ ಡೀಲರ್‌ಗೆ ತಲಾ ₹30,000ಕ್ಕೆ ಕೊಟ್ಟಿದ್ದಾರೆ. ಸಾಗಾಟದ ಖರ್ಚು ಇವರದೇ, ಒಂದಕ್ಕೆ ₹2,000. ಕೈಗೆ ಸಿಕ್ಕಿದ್ದು ₹28,000. ಸ್ಟಾಕನ್ನು ವೆಚ್ಚ ಅಥವಾ ಮಾರಿದರೆ ಕೈಗೆ ಬರುವ ನಿವ್ವಳ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದಕ್ಕೆ ತೋರಿಸಬೇಕು ಅನ್ನುವುದು ಎಎಸ್ 2ರ ನಿಯಮ. ಒಂದು ಸ್ಟೀಮರ್ ಮೇಲೆ ₹17,000 ಕಡಿಮೆ ಬಿತ್ತು.

ಆದರೆ ಮೇ ತಿಂಗಳ ಬೆಲೆ ಮಾರ್ಚ್ 31ರ ಬೆಲೆಗೆ ಸಾಕ್ಷಿ ಆಗುತ್ತದೆಯೇ? ಇಲ್ಲಿ ಆತುರ ಮಾಡಬಾರದು. ವರ್ಷ ಮುಗಿದ ಮೇಲೆ ಅಗ್ಗಕ್ಕೆ ಮಾರಿದರು ಅಂದ ಮಾತ್ರಕ್ಕೆ ಅಡ್ಜಸ್ಟಿಂಗ್ ಆಗುವುದಿಲ್ಲ. ಬೆಲೆ ಏಕೆ ಬಿತ್ತು, ಯಾವಾಗ ಬಿತ್ತು ಅಂತ ನೋಡಬೇಕು. ತಮ್ಮನನ್ನು ಕೇಳಿದಾಗ ಉತ್ತರ ಸ್ಪಷ್ಟವಾಗಿತ್ತು. ಕಡಿಮೆ ಗ್ಯಾಸ್ ತಿನ್ನುವ ಹೊಸ ಮಾಡೆಲ್‌ ಅನ್ನು ಇವರೇ ಜನವರಿಯಲ್ಲಿ ಬಿಟ್ಟಿದ್ದರು. ಜನವರಿಯ ರೇಟ್ ಪಟ್ಟಿಯಲ್ಲಿ ಹಳೆಯದರ ಹೆಸರೇ ಇಲ್ಲ. ಫೆಬ್ರವರಿ, ಮಾರ್ಚ್ ಎರಡೂ ತಿಂಗಳಲ್ಲಿ ಹಳೆ ಮಾಡೆಲ್ ಒಂದೂ ಮಾರಾಟವಾಗಿಲ್ಲ. ಅಂದರೆ ಮಾರ್ಚ್ 31ಕ್ಕೇ ಅದು ಯಾರಿಗೂ ಬೇಡವಾದ ಮಾಲು. ಮೇ ಬಿಲ್ಲು ಅದರ ಬೆಲೆ ಎಷ್ಟು ಅಂತ ತೋರಿಸಿತು. ಬೇರೆ ಯಾರೋ ಮೇ ತಿಂಗಳಲ್ಲಿ ಅಗ್ಗದ ಸ್ಟೀಮರ್ ತಂದು, ಅದರಿಂದಾಗಿ ಇವರ ಬೆಲೆ ಬಿದ್ದಿದ್ದರೆ ಉತ್ತರ ಬದಲಾಗುತ್ತಿತ್ತು.

ಹಾಗಾಗಿ ಮಾರಿದ ಎಂಟಕ್ಕೆ ಮಾತ್ರವಲ್ಲ, 20ಕ್ಕೂ ತಲಾ 17,000 ಇಳಿಸಿದೆವು. ಒಟ್ಟು ₹3.4 ಲಕ್ಷ, ಮಾರ್ಚ್ ಲೆಕ್ಕಕ್ಕೆ.

"ಆ ಹನ್ನೆರಡು ನೀರಲ್ಲಿ ಹೋಯಿತಲ್ಲ, ಅದಕ್ಕೆ ಯಾಕೆ ಇಳಿಸಬೇಕು?" ಅಂತ ಕಂಪನಿಯ ಅಕೌಂಟೆಂಟ್ ಕೇಳಿದರು. ಅವುಗಳಿಗೆ ಎರಡು ನಷ್ಟ ಆಗಿದೆ. ಮೊದಲನೆಯದು ಹಳತಾಗಿ ಬೆಲೆ ಕಳೆದುಕೊಂಡದ್ದು, 45ರಿಂದ 28 ಸಾವಿರಕ್ಕೆ. ಅದು ಮಾರ್ಚ್‌ಗೆ ಮುಂಚಿನದು. ಎರಡನೆಯದು ಉಳಿದ 28 ಸಾವಿರವೂ ಜುಲೈ ನೀರಿನಲ್ಲಿ ಹೋದದ್ದು. ಹನ್ನೆರಡಕ್ಕೆ ₹3.36 ಲಕ್ಷ. ಅದು ಮುಂದಿನ ವರ್ಷದ್ದು. ಮಾರ್ಚ್‌ನಲ್ಲಿ ಇಳಿಸದೆ ಬಿಟ್ಟಿದ್ದರೆ ಹಳತಾದ ನಷ್ಟವೂ ಮಳೆಯ ತಲೆಗೆ ಕಟ್ಟಿದಂತಾಗುತ್ತಿತ್ತು.

ಹೀಗೆ ಅಣ್ಣನ 22 ಲಕ್ಷ ಕೊನೆಗೆ 13 ಮತ್ತು 3.36 ಸೇರಿ ₹16.36 ಲಕ್ಷಕ್ಕೆ ಬಂತು. ಅದರಲ್ಲಿ ಒಂದು ಪೈಸೆಯೂ ಮಾರ್ಚ್‌ಗೆ ಸೇರಲಿಲ್ಲ. ಇನ್ನೊಂದು ಸಣ್ಣ ಕೆಲಸ ಉಳಿದಿತ್ತು. ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಈ ಸ್ಟೀಮರುಗಳು 45,000ದ ಲೆಕ್ಕದಲ್ಲೇ ಇದ್ದವು. ಈಗ ಬ್ಯಾಲೆನ್ಸ್ ಶೀಟಿಗೂ ಅದಕ್ಕೂ 3.4 ಲಕ್ಷ ವ್ಯತ್ಯಾಸ. ಬ್ಯಾಂಕಿನವರು ಕೇಳುವ ಮುಂಚೆಯೇ ಕಾರಣ ಬರೆದು ಕೊಡಿಸಿದೆ.

ಕೊನೆಯ ಅಂಕಿ

62ರಲ್ಲಿ 19.6 ಮತ್ತು 3.4 ಕಳೆದು ಲಾಭ ₹39 ಲಕ್ಷ. ಅಣ್ಣ ಬಯಸಿದ ನಷ್ಟವೂ ಅಲ್ಲ, ತಮ್ಮ ಬಯಸಿದ 62ವೂ ಅಲ್ಲ. ತೆರಿಗೆ ಉಳಿಯುತ್ತದೆ ಅನ್ನುವ ಅಣ್ಣನ ಆಸೆಗೂ ಅಷ್ಟು ಬಲ ಇರಲಿಲ್ಲ. ಬರದ ಬಾಕಿಗೆ ಬರೀ ಪ್ರಾವಿಷನ್ ಹಾಕಿದರೆ ಇಂಥ ಕಂಪನಿಗೆ ಆದಾಯ ತೆರಿಗೆಯಲ್ಲಿ ಕಡಿತ ಸಿಗುವುದಿಲ್ಲ. ಬಾಕಿಯನ್ನು ಪುಸ್ತಕದಿಂದ ನಿಜವಾಗಿ ತೆಗೆದುಹಾಕಬೇಕು.

ನಾನ್-ಅಡ್ಜಸ್ಟಿಂಗ್ ವಿಷಯಗಳನ್ನು ಎಲ್ಲಿ ಹೇಳಬೇಕು ಅನ್ನುವುದರಲ್ಲಿ ಎರಡು ನಿಯಮಗಳಿಗೆ ವ್ಯತ್ಯಾಸ ಇದೆ. ಇಂಡ್ ಎಎಸ್ 10ರ ಪ್ರಕಾರ ಲೆಕ್ಕದ ಟಿಪ್ಪಣಿಯಲ್ಲೇ ಬರಬೇಕು. ಎಎಸ್ 4 ಕೇಳುವುದು ಡೈರೆಕ್ಟರುಗಳ ವರದಿಯಲ್ಲಿ. ನಾವು ವರದಿಯಲ್ಲಿ ಹೇಳಿ, ಟಿಪ್ಪಣಿಯಲ್ಲೂ ಸೇರಿಸಿದೆವು. ಬ್ಯಾಂಕಿನವರು ಮೊದಲು ತೆಗೆಯುವುದು ಟಿಪ್ಪಣಿಯ ಪುಟವನ್ನೇ ಅಲ್ವಾ. ಒಕ್ಕಣೆ ಹೀಗಿತ್ತು:

"2024ರ ಏಪ್ರಿಲ್‌ನಲ್ಲಿ ಕಂಪನಿಯ ಒಬ್ಬ ಗ್ರಾಹಕರ ಜಾಗದಲ್ಲಿ ಬೆಂಕಿ ಅನಾಹುತ ಆಗಿದೆ. ಮಾರ್ಚ್ 31ಕ್ಕೆ ಅವರಿಂದ ಬರಬೇಕಾದ ₹14 ಲಕ್ಷದಲ್ಲಿ ಎಷ್ಟು ವಸೂಲಾಗುತ್ತದೆ ಎಂದು ಈಗ ಖಚಿತವಾಗಿ ಹೇಳಲಾಗದು. ಜುಲೈನಲ್ಲಿ ಕಂಪನಿಯ ಘಟಕಕ್ಕೆ ಮಳೆನೀರು ನುಗ್ಗಿ ಸುಮಾರು ₹16.36 ಲಕ್ಷ ಪುಸ್ತಕ ಬೆಲೆಯ ಸರಕು ಹಾಳಾಗಿದೆ. ವಿಮೆ ಕೋರಿಕೆ ಸಲ್ಲಿಸಲಾಗಿದೆ. ಈ ಎರಡರ ಪರಿಣಾಮವನ್ನು ಈ ವರ್ಷದ ಲೆಕ್ಕದಲ್ಲಿ ಸೇರಿಸಿಲ್ಲ."

'ಕೆಲವು ನಂತರದ ಘಟನೆಗಳು ನಡೆದಿವೆ' ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳುವ ಟಿಪ್ಪಣಿಗಳನ್ನು ಬೇಕಾದಷ್ಟು ನೋಡಿದ್ದೇನೆ. ಅದರಿಂದ ಓದುವವರಿಗೆ ಏನೂ ಸಿಗುವುದಿಲ್ಲ. ಏನಾಯಿತು, ಎಷ್ಟರ ಮಟ್ಟಿಗೆ ಅನ್ನುವ ಎರಡೂ ಬೇಕು. ಮೊತ್ತ ಅಂದಾಜಿಸಲು ಆಗದಿದ್ದರೆ ಆಗುವುದಿಲ್ಲ ಅಂತಲೇ ಬರೆಯಬೇಕು.

ಡಿವಿಡೆಂಡ್ ವಿಷಯ ಬೇಗ ಮುಗಿಯಿತು. ಸೆಪ್ಟೆಂಬರ್ 2ರ ಸಭೆಯಲ್ಲೇ ₹10 ಲಕ್ಷ ಡಿವಿಡೆಂಡ್ ಶಿಫಾರಸು ಮಾಡಬೇಕು ಅಂತಿತ್ತು. ಅಕೌಂಟೆಂಟ್ ಹಳೆ ಅಭ್ಯಾಸದಿಂದ ಟ್ಯಾಲಿಯಲ್ಲಿ ಮಾರ್ಚ್ 31ಕ್ಕೇ ಅದನ್ನು ಸಾಲವಾಗಿ ಹಾಕಿದ್ದರು. 2016ರಲ್ಲಿ ಎಎಸ್ 4 ತಿದ್ದುಪಡಿ ಆದಮೇಲೆ ಹಾಗೆ ಹಾಕುವಂತಿಲ್ಲ. ಮಾರ್ಚ್ 31ಕ್ಕೆ ಕಂಪನಿ ಯಾರಿಗೂ ಆ ದುಡ್ಡು ಕೊಡಬೇಕಿರಲಿಲ್ಲ. ಎಂಟ್ರಿ ತೆಗೆದು ಟಿಪ್ಪಣಿಯಲ್ಲಿ ಹೇಳಿದೆವು.

ಆಡಿಟರ್ ಒಂದು ವಿಷಯವನ್ನು ಗಟ್ಟಿಯಾಗಿ ಹಿಡಿದರು, ಅದು ಸರಿಯೂ ಹೌದು. ನೀರು ನುಗ್ಗಿದ ಮೇಲೆ ಕಂಪನಿ ಮುಂದೆ ನಡೆಯುತ್ತದೆಯೇ? ನಂತರದ ಘಟನೆಯಿಂದ ವ್ಯವಹಾರವೇ ನಿಲ್ಲುವ ಹಾಗಿದ್ದರೆ, ಅಡ್ಜಸ್ಟಿಂಗ್ ಹೌದೋ ಅಲ್ಲವೋ ಅನ್ನುವ ಚರ್ಚೆಯೇ ಉಳಿಯುವುದಿಲ್ಲ. ಕಂಪನಿ ಮುಂದುವರಿಯುತ್ತದೆ ಎಂಬ ನೆಲೆಯ ಮೇಲೆ ಮಾರ್ಚ್ ಲೆಕ್ಕ ಮಾಡುವ ಹಾಗೇ ಇಲ್ಲ. ಘಟನೆ ಜುಲೈನದ್ದು ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ. ಇಲ್ಲಿ ಪುಣ್ಯಕ್ಕೆ ಯಂತ್ರಗಳು ಎತ್ತರದ ಕಟ್ಟೆಯ ಮೇಲಿದ್ದವು. ಎರಡು ವಾರದಲ್ಲಿ ಕೆಲಸ ಶುರುವಾಗಿತ್ತು. ಆಗಸ್ಟ್ ತಿಂಗಳ ಆರ್ಡರುಗಳು ಮತ್ತು ಕರೆಂಟ್ ಬಿಲ್ಲು ನೋಡಿ ಆಡಿಟರ್ ಒಪ್ಪಿದರು.

ಈ ಘಟನೆಗಳನ್ನು ಹುಡುಕುವ ಜಾಗಗಳೂ ಅವರಿಗೆ ಚೆನ್ನಾಗಿ ಗೊತ್ತಿದ್ದವು. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್, ಅದೇ ಅವಧಿಯ ಕ್ರೆಡಿಟ್ ನೋಟುಗಳು, ಬೋರ್ಡ್ ಸಭೆಯ ನಡಾವಳಿ, ಮೇ-ಜೂನ್‌ನಲ್ಲಿ ವೆಚ್ಚಕ್ಕಿಂತ ಕಡಿಮೆಗೆ ಮಾರಿದ ಬಿಲ್ಲುಗಳು. ಕೊನೆಗೆ ಡೈರೆಕ್ಟರುಗಳಿಂದ ಇನ್ನು ಬೇರೆ ಯಾವುದೂ ಇಲ್ಲ ಎಂದು ಬರಹದಲ್ಲಿ ಪತ್ರ. ಪುಣೆಯ ಚೆಕ್ ವಾಪಸ್ ಬಂದದ್ದು ಮಾತ್ರ ಈ ಯಾವುದರಲ್ಲೂ ಕಾಣುವುದಿಲ್ಲ, ಅದು ಫೆಬ್ರವರಿಯದು. ಅದಕ್ಕೆ ಹಿಂದಕ್ಕೆ ಹೋಗಬೇಕು. ಮುಂದಿನ ಕಾಗದ ಘಟನೆಯನ್ನು ತೋರಿಸಿದರೆ, ಹಿಂದಿನ ಕಾಗದ ಅದು ಯಾವ ವರ್ಷಕ್ಕೆ ಸೇರಿದ್ದು ಅಂತ ಹೇಳುತ್ತದೆ.

ವಿಮೆ ಕಂಪನಿಯ ಸರ್ವೇಯರ್ ವರದಿ ಬಂದದ್ದು ಸೆಪ್ಟೆಂಬರ್ ಎರಡನೇ ವಾರದಲ್ಲಿ, ಬೋರ್ಡ್ ಸಹಿ ಆದಮೇಲೆ. ಎಷ್ಟು ಸಿಗುತ್ತದೆ ಅಂತ ಸೇರಿಸೋಣವೇ ಅಂತ ತಮ್ಮ ಫೋನ್ ಮಾಡಿದರು. ಬೇಡ ಅಂದೆ. ಎಎಸ್ 4 ನೋಡುವ ಕಿಟಕಿ ಬೋರ್ಡ್ ಒಪ್ಪಿಗೆಯ ದಿನಕ್ಕೆ ಮುಚ್ಚುತ್ತದೆ. ಅಲ್ಲದೆ ನಷ್ಟವೇ ಮುಂದಿನ ವರ್ಷದ್ದಾಗಿರುವಾಗ ಅದರ ಪರಿಹಾರ ಈ ವರ್ಷಕ್ಕೆ ಬರುವ ಪ್ರಶ್ನೆಯಿಲ್ಲ.

ಗೋವಾದವರು ಡಿಸೆಂಬರ್ ಹೊತ್ತಿಗೆ ಬಾಡಿಗೆ ಜಾಗದಲ್ಲಿ ಮತ್ತೆ ಶುರು ಮಾಡಿ ₹5 ಲಕ್ಷ ಕಟ್ಟಿದರು. 2025ರ ಮಾರ್ಚ್ 31ಕ್ಕೆ ಅವರ ಬಾಕಿ ₹9 ಲಕ್ಷ ಉಳಿದಿತ್ತು. ಅದರಲ್ಲಿ ಎಷ್ಟಕ್ಕೆ ಪ್ರಾವಿಷನ್ ಬೇಕು ಅನ್ನುವುದನ್ನು ಆ ವರ್ಷದ ಲೆಕ್ಕದಲ್ಲಿ, ಆ ದಿನದ ಕಾಗದ ನೋಡಿಯೇ ತೀರ್ಮಾನಿಸಿದೆವು.